ಲಕ್ಷ್ಮಿ ಪಟದ ಬಣ್ಣದಲ್ಲಿ ಅವ್ವ

ಅವ್ವ ತೀರಿಹೋದ ಮೇಲಿನ ಮೊದಲ ಮಾರ್ನಮಿ, ಹಿರಿಯರ ಹಬ್ಬ. ಹಿರಿಯರ ಎಡೆಯ ಜೊತೆ ಇಡಲು ಅವಳ ಫೋಟೊ ಬೇಕಿತ್ತು. ಮನೆಯಲ್ಲಿದ್ದದ್ದು ಮಾಸಿದ ಒಂದೇ ಫೋಟೊ. ಅಪ್ಪ, ದೊಡ್ಡಮ್ಮ, ನಾನು ಅದನ್ನು ಹಿಡಿದುಕೊಂಡು ಕೆ.ಆರ್. ನಗರದ ಸ್ಟುಡಿಯೋಗೆ ಹೋದೆವು. ದೊಡ್ಡಮ್ಮ ದೇವರ ಗೂಡಿನ ಲಕ್ಷ್ಮಿ ಪಟವನ್ನೂ ತಂದಿದ್ದಳು.

“ಈ ಕಳೆ ಬರ್ಬೇಕು ಕಣಪ್ಪ,” ಎಂದು ಸ್ಟುಡಿಯೋದವನಿಗೆ ತೋರಿಸಿದಳು.

ಅವನು ಫೋಟೊ, ಪಟ ಎರಡನ್ನೂ ಸ್ಕ್ಯಾನ್ ಮಾಡಿ, ಪಟವನ್ನು ಮಾದರಿಯೆಂದು ಕಂಪ್ಯೂಟರಿಗೆ ಕೊಟ್ಟ. ಪಟದ ಬಣ್ಣ, ಬೆಳಕು, ನಯವೆಲ್ಲ ಫೋಟೊಗೆ ಇಳಿಯುತ್ತದೆ, ಎಷ್ಟು ಇಳಿಯಬೇಕೆಂದು ನಾವೇ ಹೇಳಬಹುದು ಎಂದ. ಜಾಸ್ತಿ ಮಾಡಿದಾಗ ಸೀರೆ ಹೊಳೆಯಿತು. ಅವ್ವನ ಕಪ್ಪು ಮೈ ಗುಲಾಬಿಯಾಯಿತು, ಕೆನ್ನೆಯ ಸುಟ್ಟ ಕಲೆ ಮಾಯವಾಯಿತು, ಕಣ್ಣುಗಳೂ ಪಟದಲ್ಲಿರುವಂತೆ ಉದ್ದವಾದವು.

“ಕಮ್ಮಿ ಮಾಡಿ,” ಎಂದೆ. ಅವ್ವನ ಮುಖ ವಾಪಸು ಬಂತು.

“ಮಂಕು ಬಡ್ದಂಗದೆ ಕಣ್ಲಾ,” ಎಂದಳು ದೊಡ್ಡಮ್ಮ.

“ಲಕ್ಷ್ಮಿಗೆ ಕೈ ಮುಗಿಯೋಕೆ ಲಕ್ಷ್ಮಿ ಪಟನೇ ಇದ್ಯಲ್ಲ ದೊಡ್ಡಮ್ಮ. ಅದಕ್ಕೆ ಅವ್ವನ್ನ ಯಾಕೆ ಅಳಿಸ್ಬೇಕು?”

ದೊಡ್ಡಮ್ಮ ಪಟವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು. ಗೆದ್ದೆ ಅಂದುಕೊಂಡೆ. ಆಗ ಅಪ್ಪ ಬಾಯಿಬಿಟ್ಟ.

“ಆ ಕಲೆ ನೋಡಿ ಜನ ಆಡ್ಕೋತಾರೆ ಅಂತ ಫೋಟೊ ಅಂದ್ರೆ ಓಡೋಗೋಳು. ಅದ್ಕೇ ಕಣ್ಲಾ ಒಂದೇ ಫೋಟೊ ಇರೋದು. ಅವ್ಳಿಗೆ ಬ್ಯಾಡದ ಮೊಕ ನಿಂಗ್ಯಾಕ್ಲಾ? ಲಕ್ಷ್ಮಿ ತರದ್ದೇ ಇರ್ಲಿ ಬುಡು.”

“ಜಾಸ್ತಿ ಮಾಡಿದ್ದನ್ನೇ ಪ್ರಿಂಟ್ ಹಾಕಿ,” ಎಂದೆ ಸ್ಟುಡಿಯೋದವನಿಗೆ. ಮಾರ್ನಮಿಯ ದಿನ ಆ ಉದ್ದ ಕಣ್ಣಿನ, ಗುಲಾಬಿ ಮೈಯ ಹೆಂಗಸಿನ ಮುಂದೆ ಎಡೆ ಇಟ್ಟರು. ಯಾರಿಗೆಂದು ತಿಳಿಯದೆಯೇ ನಾನೂ ಕೈ ಮುಗಿದೆ.