ಸೋಮವಾರದ ಮುಂದಿನ ಅಲ್ಪವಿರಾಮ

ಕಾಲುವೆಗೆ ನೀರು ಬಂದ ಹೊಸದರಲ್ಲಿ ನಾನು ಶಹಾಪುರದ ಒಂದು ಕಾಲುವೆ ಕಚೇರಿಯಲ್ಲಿ ಬೆರಳಚ್ಚುಗಾರನಾಗಿದ್ದೆ. ಕೃಷ್ಣಾ ನದಿಯ ನೀರು ಗುಡ್ಡ ಸುತ್ತಿ, ಕಲ್ಲು ಕೊರೆದು, ಅಷ್ಟು ದೂರದಿಂದ ನಮ್ಮ ಹೊಲಗಳಿಗೆ ಬಂದಿತ್ತು. ನಮ್ಮ ಕಚೇರಿಗೆ ಪೂರ್ಣವಿರಾಮ ಮಾತ್ರ ಇನ್ನೂ ಬಂದಿರಲಿಲ್ಲ.

ಅದಕ್ಕೊಂದು ಘನವಾದ ಕಾರಣವಿತ್ತು. ಗೇಟು ಕಾಯುವವರಿಗೆಲ್ಲ ಹೋಗುವ ಸುತ್ತೋಲೆಗಳನ್ನು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪು ಮಾಡಿ, ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ಪ್ರತಿ ತೆಗೆಯುತ್ತಿದ್ದೆವು. ಚುಕ್ಕೆಯ ಕೀಲಿಯನ್ನು ಜೋರಾಗಿ ಒತ್ತಿದರೆ ಹಾಳೆ ತೂತು ಬಿದ್ದು, ಪ್ರತಿಯೊಂದು ವಾಕ್ಯದ ಕೊನೆಗೂ ಮಸಿ ಕಾರುತ್ತಿತ್ತು. ಯಾದಗಿರಿಯಿಂದ ಬರುತ್ತಿದ್ದ ಟೈಪ್‌ರೈಟರ್ ಮೆಕ್ಯಾನಿಕ್, "ಹಗೂರಕ ಒತ್ರಿ, ಏನೂ ಆಗಂಗಿಲ್ಲ" ಎಂದು ಎರಡು ಸಲ ಹೇಳಿ ಹೋಗಿದ್ದ. ಆದರೆ ಇಷ್ಟು ಸುಲಭದ ಉಪಾಯವನ್ನು ಒಪ್ಪಿಕೊಂಡರೆ ಕಚೇರಿಯ ಮರ್ಯಾದೆ ಏನಾಗಬೇಕು? ನಮ್ಮ ಹೆಡ್ ಕ್ಲರ್ಕ್ ಬೇರೆಯೇ ಹುಕುಂ ಹೊರಡಿಸಿದರು.

"ತಮ್ಮಾ, ಚುಕ್ಕಿ, ಕಾಮಾ ಏನೂ ಹೊಡಿಬ್ಯಾಡ. ಎಲ್ಲಾ ಪ್ರತಿ ಆದಮ್ಯಾಲ ಪೆನ್ನಿಲೆ ಹಾಕು. ಛಂದ ಕಾಣಂಗ ಹಾಕು."

ಛಂದ ಕಾಣುವಂತೆ! ಅರ್ಥವಾಗುವಂತೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂವತ್ತು ಪ್ರತಿಗಳನ್ನು ಮುಂದಿಟ್ಟುಕೊಂಡು, ಚಹಾ ಕುಡಿಯುತ್ತ, ಸಾಲು ಎಲ್ಲಿ ಬೋಳು ಅನಿಸಿತೋ ಅಲ್ಲೊಂದು ಅಲ್ಪವಿರಾಮ ಎಳೆಯುತ್ತಿದ್ದೆ. ಒಂದೇ ಸುತ್ತೋಲೆ ಒಂದೊಂದು ಗೇಟಿಗೆ ಒಂದೊಂದು ಅರ್ಥ ಹೊತ್ತು ಹೋಗುತ್ತಿತ್ತು.

ಮೊದಮೊದಲು ಇದು ನಗೆಪಾಟಲಿನ ವಿಷಯವಾಗಿತ್ತು. ಸುರಪುರದ ಕಡೆಯ ಕಾಲುವೆಯ ಮೆಟ್ಟಿಲ ಬಳಿ ಒಂದು ಸೂಚನೆ ಅಂಟಿಸಿದೆವು: "ಎಮ್ಮೆಗಳ ಮೈ ತೊಳೆಯಬಾರದು ಮೆಟ್ಟಿಲ ಮೇಲೆ, ಬಟ್ಟೆ ಒಗೆಯಬಹುದು." ಚುಕ್ಕೆ ಬೀಳಬೇಕಾದದ್ದು "ತೊಳೆಯಬಾರದು" ಆದ ಮೇಲೆ. ನಾನು ಎರಡು ಪದ ಮುಂದೆ ಹೋಗಿ ಅಲ್ಪವಿರಾಮ ಇಟ್ಟಿದ್ದೆ. ಎಮ್ಮೆಯವರು ನಮಗಿಂತ ಚೆನ್ನಾಗಿ ಓದಿಕೊಂಡರು. "ಮೆಟ್ಟಿಲ ಮ್ಯಾಲ ಎಲ್ಲಿ ತೊಳದೀವ್ರಿ? ಬಾಜೂಕ ತೊಳಿಯಾಕತ್ತೀವಿ" ಎಂದು ಎಮ್ಮೆಗಳನ್ನು ಹಾಯಾಗಿ ನೀರಿಗಿಳಿಸಿದರು.

ಕಚೇರಿಯ ಬಾಗಿಲಿಗೆ ಹಚ್ಚಿದ್ದು ಇನ್ನೂ ಸೊಗಸು: "ಅರ್ಜಿ ಕೊಡಬೇಕು ಮಂಗಳವಾರ, ಸಾಹೇಬರು ಸಿಗುವುದಿಲ್ಲ." ಹೇಳಬೇಕಾಗಿದ್ದು, "ಅರ್ಜಿ ಕೊಡಬೇಕು. ಮಂಗಳವಾರ ಸಾಹೇಬರು ಸಿಗುವುದಿಲ್ಲ." ನನ್ನ ಕೈಚಳಕದಿಂದ ಸಾಹೇಬರು ಯಾವ ವಾರವೂ ಸಿಗದವರಾದರು. ಮಂಗಳವಾರ ಮಾತ್ರ ಅರ್ಜಿಗಳ ಜಾತ್ರೆ. ಜನರೇನೂ ತಕರಾರು ಮಾಡಲಿಲ್ಲ. ಕಚೇರಿ ಮೊದಲ ಸಲ ನಿಜ ಹೇಳಿದೆ ಎಂದುಕೊಂಡಿರಬೇಕು.

ಆಮೇಲೆ ಆ ಗುರುವಾರದ ಸುತ್ತೋಲೆ ಬಂತು. ಒಂಬತ್ತನೇ ಉಪಕಾಲುವೆಯ ತಳಕ್ಕೆ ಸಿಮೆಂಟು ಹಾಕುವ ಕೆಲಸ ನಡೆದಿತ್ತು, ಭಾನುವಾರ ಮುಗಿಯಬೇಕಿತ್ತು. ನಾನು ಟೈಪು ಮಾಡಿದ ಸಾಲು ಹೀಗಿತ್ತು: "ಎಂಟನೇ ಉಪಕಾಲುವೆಯ ಗೇಟು ಮುಚ್ಚಿರಿ ಸೋಮವಾರದಿಂದ ಒಂಬತ್ತನೆಯದಕ್ಕೆ ನೀರು ಬಿಡಿರಿ." "ಮುಚ್ಚಿರಿ" ಎಂಬಲ್ಲಿ ಚುಕ್ಕೆ ಇಟ್ಟರೆ, ಎಂಟನೆಯದನ್ನು ಇವತ್ತೇ ಮುಚ್ಚಬೇಕು, ಒಂಬತ್ತನೆಯದನ್ನು ಸೋಮವಾರ ತೆಗೆಯಬೇಕು. "ಸೋಮವಾರದಿಂದ" ಎಂಬಲ್ಲಿ ನಿಂತರೆ ಎಲ್ಲ ತಿರುಗುಮುರುಗು: ಎಂಟನೆಯದನ್ನು ಮುಚ್ಚುವುದು ಸೋಮವಾರ, ಒಂಬತ್ತಕ್ಕೆ ನೀರು ಈಗಲೇ.

ಕೆಂಭಾವಿ ಕಡೆಯ ಆ ಎರಡೂ ಗೇಟುಗಳನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ನಡುವಯಸ್ಸಿನ ದಿನಗೂಲಿ ನೌಕರರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕಾಗದ ಕೈಗೆ ಬಂದ ತಾಸಿನಲ್ಲಿ ಅವರು ಒಂಬತ್ತನೇ ಗೇಟು ಎತ್ತಿದರು. ಸಿಮೆಂಟಿನ ಕೆಲಸ ನಡೆದದ್ದು ಮೂರು ಮೈಲಿ ಕೆಳಗೆ, ಅವರ ಕಣ್ಣಿಗೆ ಬೀಳುವಂತಿರಲಿಲ್ಲ. ಗೌಂಡಿಗಳು ಬುಟ್ಟಿ ಬಿಟ್ಟು ದಂಡೆ ಹತ್ತಿದರು. ಹಸಿ ಸಿಮೆಂಟು ನೀರುಪಾಲಾಯಿತು.

ಕಚೇರಿ ಅತ್ಯಂತ ಚುರುಕಾಗಿ ಕೆಲಸ ಮಾಡಿದ್ದು ಆಗಲೇ. ಮರುದಿನವೇ ಕಾಕಾನಿಗೆ ನೋಟಿಸು ಹೋಯಿತು: ಆದೇಶ ಮೀರಿದ್ದಕ್ಕೆ ಕೆಲಸದಿಂದ ಯಾಕೆ ತೆಗೆಯಬಾರದು? ಟೈಪು ಮಾಡಿದವನು ನಾನೇ. ಫೈಲಿನಲ್ಲಿದ್ದ ಪ್ರತಿಯನ್ನು ತೆಗೆದು ನೋಡಿದೆ. "ಮುಚ್ಚಿರಿ" ಆದ ಮೇಲೆ ದುಂಡನೆಯ ಚುಕ್ಕೆ ಕೂತಿತ್ತು. ಅಲ್ಲಿಗೆ ನನ್ನದೇನೂ ತಪ್ಪಿಲ್ಲ ಎಂದು ನೆಮ್ಮದಿಯಾಗಿ ಮನೆಗೆ ಹೋಗಿ ಉಂಡೆ.

ಹತ್ತು ದಿನಕ್ಕೆ ಅವರ ಉತ್ತರ ಬಂತು. ಕೆಂಭಾವಿ ಬಜಾರದಲ್ಲಿ ಯಾರಿಂದಲೋ ಬರೆಸಿದ್ದು: "ನನಗೆ ಸರಿಯಾಗಿ ಓದಲು ಬರುವುದಿಲ್ಲ. ತಪ್ಪಾಗಿದೆ. ಹೊಟ್ಟೆಯ ಮೇಲೆ ಹೊಡೆಯಬೇಡಿ." ಕೆಳಗೆ ಹೆಬ್ಬೆಟ್ಟು. ನಾನು ಆ ಹೆಬ್ಬೆಟ್ಟನ್ನೇ ನೋಡುತ್ತ ಕುಳಿತೆ. ಹಾಜರಿ ಪುಸ್ತಕದಲ್ಲಿ ಆ ಮನುಷ್ಯ ತಿಂಗಳು ತಿಂಗಳು ದಸ್ತಖತ್ ಮಾಡುತ್ತಿದ್ದರು, ಅರ್ಧ ಸಾಲು ತುಂಬುವಷ್ಟು ದೊಡ್ಡ ಅಕ್ಷರದಲ್ಲಿ.

ಉತ್ತರದ ಜೊತೆ ಅವರಿಗೆ ಹೋಗಿದ್ದ ಪ್ರತಿಯನ್ನೂ ಲಗತ್ತಿಸಿದ್ದರು. "ಸೋಮವಾರದಿಂದ" ಆದ ಮೇಲೆ ಒಂದು ಅಲ್ಪವಿರಾಮ. ಬಾಲ ಉದ್ದಕ್ಕೆ ಎಳೆದದ್ದು, ನನ್ನದೇ ನೀಲಿ ಶಾಯಿ.

ಹೆಡ್ ಕ್ಲರ್ಕ್ ಕನ್ನಡಕದ ಮೇಲಿಂದ ನೋಡಿ, "ಫೈಲಿನ್ಯಾಗಿಂದು ಬರಾಬರಿ ಅದ ಇಲ್ಲೋ? ಇದನ್ನ ಹರದು ಒಗಿ, ಸುಮ್ನ ಕುಂಡ್ರು" ಎಂದರು.

"ಹರಿಯಂಗಿಲ್ರಿ. ತಪ್ಪು ನಂದದ."

"ನಿನ್ನ ನೌಕರಿ ಕಾಯಂ ಆಗಿಲ್ಲ ಇನ್ನಾ. ನೆನಪದನೂ?"

ನೆನಪಿತ್ತು. ಹೆದರಿಕೆಯೂ ಇತ್ತು, ಸುಳ್ಳೇಕೆ ಹೇಳಲಿ. ಆದರೂ ಎರಡೂ ಪ್ರತಿ ಹಿಡಿದು ಸಾಹೇಬರ ಕೋಣೆಗೆ ಹೋದೆ. ಅವರು ಅದನ್ನೊಮ್ಮೆ ಇದನ್ನೊಮ್ಮೆ ಓದಿದರು. ನನ್ನನ್ನು ಹದಿನೈದು ನಿಮಿಷ ಬೈದರು. ಆ ಬೈಗುಳದಲ್ಲಿ ವಿರಾಮವೇ ಇರಲಿಲ್ಲ, ಅರ್ಥ ಮಾತ್ರ ಸ್ಪಷ್ಟವಿತ್ತು. ಆಮೇಲೆ ನೋಟಿಸಿನ ಮೇಲೆ ಅಡ್ಡಗೆರೆ ಎಳೆದು, ಮುಂದಿನ ಸುತ್ತೋಲೆಗಳಿಗೆ ಮಾದರಿಯಾಗಲೆಂದು ಆ ಸಾಲನ್ನು ನನ್ನಿಂದಲೇ ತಿದ್ದಿಸಿದರು:

"ಎಂಟನೇ ಉಪಕಾಲುವೆಯ ಗೇಟನ್ನು ಇಂದೇ ಮುಚ್ಚಿರಿ.
ಒಂಬತ್ತನೆಯದಕ್ಕೆ ಸೋಮವಾರದಿಂದ ನೀರು ಬಿಡಿರಿ."

ಒಂದು ಸಾಲಿಗೆ ಒಂದೇ ಕೆಲಸ. ವಾರದ ಹೆಸರು ತನ್ನ ಕೆಲಸದ ನಡುವೆ ಕೂತಿರಬೇಕು, ಎರಡು ಕೆಲಸಗಳ ಸಂದಿಯಲ್ಲಿ ಅಲ್ಲ. ಹಾಗೆ ಬರೆದರೆ ಚುಕ್ಕೆ ಉದುರಿದರೂ ನೀರು ದಾರಿ ತಪ್ಪುವುದಿಲ್ಲ. ಇಷ್ಟು ತಿಳಿಯಲು ನಮಗೆ ಮೂರು ಮೈಲಿ ಕಾಲುವೆ ಬೇಕಾಯಿತು.

ಉತ್ತರ ತಂದುಕೊಟ್ಟಿದ್ದ ಕಾಕಾ ಹೊರಗೆ ಪಡಸಾಲೆಯಲ್ಲಿ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರು. "ನೌಕರಿ ಉಳೀತ್ರಿ ಕಾಕಾ" ಎಂದೆ. ಕೈಮುಗಿದರು. ತಪ್ಪು ಯಾರದೆಂದು ಬಿಡಿಸಿ ಹೇಳಿದೆ, ಕಾಗದದ ಮೇಲೆ ನನ್ನ ಗೀಟು ತೋರಿಸಿದೆ. ಅವರು ಅದರ ಮೇಲೆ ಬೆರಳಿಟ್ಟುಕೊಂಡು ಮತ್ತೆ ಓದಿದರು, ಗಟ್ಟಿಯಾಗಿ, ನಿಧಾನವಾಗಿ, ಅಲ್ಪವಿರಾಮ ಬಂದಲ್ಲಿ ನಿಂತು.

"ಹಂಗಾರ ನಾ ಬರಾಬರಿ ಓದೀನಿ?"

"ಬರಾಬರಿ ಓದೀರಿ. ಬರದವನ ಗಲತಿ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನಲವತ್ತು ದಾಟಿದಮ್ಯಾಲ ಮಗಳ ಕಡಿಂದ ಅಕ್ಷರ ಕಲ್ತೀನ್ರಿ. ನೋಟಿಸು ಬಂದ ದಿವಸ ಅಕೀನ್ನ ಹೊಡದೀನಿ, ತಪ್ಪು ಕಲಿಸೀದಿ ಅಂತ. ಅವತ್ತಿಂದ ಪುಸ್ತಕ ಮುಚ್ಚಿಟ್ಟಾಳ, ನನ್ನ ಸಂಗಟ ಮಾತಾಡವಲ್ಲಳು." ಕಾಗದ ಮಡಚಿ ನನ್ನ ಕೈಗಿಟ್ಟು, "ನಾ ಹೇಳಿದ್ರ ನಂಬಂಗಿಲ್ಲ. ನೀವೇ ಬಂದು ಹೇಳ್ರಿ" ಎಂದರು.

ನಾನು ರಜೆ ಚೀಟಿಯನ್ನೂ ಬರೆದಿಡದೆ ಅವರ ಹಿಂದೆ ಕೆಂಭಾವಿ ಬಸ್ಸಿಗೆ ಹೊರಟೆ.