ನಮ್ಮ ಮಾತೇ ಬೇಕು ಅಂದವನು

ಬಾದಾಮಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ವಿಮಾ ಕಚೇರಿ ಮುಚ್ಚುತ್ತದೆಂದು ಗೊತ್ತಾದ ವಾರವೇ ಬಾಗಲಕೋಟೆಯ ಒಂದು ಖಾಸಗಿ ಬ್ಯಾಂಕಿಗೆ ಕೆಲಸಗಾರರನ್ನು ಹುಡುಕಿಕೊಡುವವನೊಬ್ಬ ನನಗೆ ಫೋನ್ ಮಾಡಿದ. ಇಳಕಲ್, ಗುಳೇದಗುಡ್ಡದ ನೇಕಾರರನ್ನೂ ಸೀರೆ ವ್ಯಾಪಾರಿಗಳನ್ನೂ ಕಂಡು ಖಾತೆ ತೆರೆಸುವ ಕೆಲಸ. ನಮ್ಮ ಮನೆಗೆ ಸಂಬಳ ತರುವವಳು ನಾನೊಬ್ಬಳೇ. ಆ ಕೆಲಸ ನನಗೆ ಬೇಕೇ ಬೇಕಿತ್ತು.

"ದಿನಾ ಗಿರಾಕಿ ಮುಂದ ಕುಂದ್ರೂ ಕೆಲಸ ಅಂತೀರಿ. ಕನ್ನಡ ತಿಳದ್ರ ಸಾಕೇನ್ರಿ, ಸರಾಗ ಮಾತಾಡ್ಬೇಕೇನ್ರಿ?" ಎಂದು ಕೇಳಿದೆ.

"ಸರಾಗ ಬೇಕ್ರಿ ಅಕ್ಕಾರ, ಕಡ್ಡಾಯ. ನಿಮಗ ಏನೇನ್ ಬರ್ತಾವು?"

ಇದ್ದದ್ದು ಇದ್ದಂತೆ ಹೇಳಿದೆ. ಮನೆಮಾತು ಉರ್ದು. ಕನ್ನಡ ಓದಲು, ಬರೆಯಲು, ಮಾತಾಡಲು ಬರುತ್ತದೆ. ಊರಮಾತೂ ಸೈ, ಪುಸ್ತಕದ ಕನ್ನಡವೂ ಸೈ. ಹಿಂದಿಗೆ ತೊಂದರೆಯಿಲ್ಲ. ಸೋಲಾಪುರದ ವ್ಯಾಪಾರಿಗಳ ಮರಾಠಿ ಪೂರ್ತಿ ತಿಳಿಯುತ್ತದೆ, ಆಡುವಾಗ ತಡವರಿಸುತ್ತೇನೆ. ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತೇನೆ, ಮಾತು ನಿಧಾನ.

"ಭಾಳ ಚಲೋ ಆತು! ನಾನೂ ಈ ಕಡಿಯಾಂವನ ರಿ, ಹುನಗುಂದದಾಂವ. ಇಂಟರ್‌ವ್ಯೂದಾಗೂ ಹಿಂಗ ಮಾತಾಡ್ರಿ. ಪುಸ್ತಕದ ಕನ್ನಡ ಬ್ಯಾಡ್ರಿ, ಇಲ್ಲಿ ಮಂದಿಗೆ ನಮ್ಮ ಮಾತ ಬೇಕು. ಮ್ಯಾಲಿನವ್ರಿಗೆ ನಾ ಹೇಳಿರ್ತೇನಿ."

ನಂಬಿದೆ. ನನ್ನ ಬುದ್ಧಿಗೆ ಏನಾಗಿತ್ತೋ!

ಇಂಟರ್‌ವ್ಯೂ ದಿನ ಬಾಗಲಕೋಟೆ ನವನಗರದ ಬ್ಯಾಂಕಿನ ಕಚೇರಿಯಲ್ಲಿ ಬೆಂಗಳೂರಿನಿಂದ ಬಂದ ಮೇಡಂ ಕೂತಿದ್ದರು, ಪಕ್ಕದಲ್ಲಿ ಫೋನ್ ಮಾಡಿದ್ದ ಅವನು. "ನಾನು ಇಳಕಲ್ ಸೀರೆ ಅಂಗಡಿಯವಳು ಅಂದ್ಕೊಳ್ಳಿ, ಮಾತಾಡ್ಸಿ ನೋಡೋಣ" ಎಂದರು ಮೇಡಂ. ನಮ್ಮ ಕಡೆ ಮನೆಮಂದಿಯ ಕ್ಷೇಮ ಕೇಳದೆ ಯಾರೂ ವ್ಯವಹಾರದ ಮಾತೆತ್ತುವುದಿಲ್ಲ. ನಾನೂ ಹಾಗೆಯೇ ಶುರು ಮಾಡಿದೆ.

"ಆರಾಮ ಅದೀರೇನ್ರಿ ಅಕ್ಕಾರ? ಮನ್ಯಾಗ ಎಲ್ಲಾರೂ ಚಲೋ ಅದಾರಲ್ರಿ? ವ್ಯಾಪಾರ ಹೆಂಗ ನಡದೈತ್ರಿ?"

ಮೇಡಂ ಹುಬ್ಬೇರಿಸಿ ಅವನತ್ತ ತಿರುಗಿದರು. "ಇಲ್ಲಿ ಹೀಗೆ ಮಾತಾಡಿದ್ರೆ ನಡೆಯುತ್ತಾ?"

ಇಲ್ಲಿ ಹೀಗೇ ಮಾತಾಡುವುದು ಎಂದು ಅವನು ಹೇಳಿದ್ದರೆ ಸಾಕಿತ್ತು. ಅವನ ಬಾಯಿಂದ ಬಂದದ್ದು ಬೆಂಗಳೂರಿನ ಕನ್ನಡ. "ಸ್ವಲ್ಪ ಒರಟು ಅನ್ಸುತ್ತೆ ಮೇಡಂ. ಶಿಷ್ಟವಾಗಿ ಮಾತಾಡಿ ಅಂತ ಅವ್ರಿಗೆ ಮೊದ್ಲೇ ಹೇಳಿದ್ದೆ."

ಎಲಾ ಇವನ! "ಮೇಡಂ, ಗ್ರಾಂಥಿಕ ಕನ್ನಡದಲ್ಲೂ ಮಾತನಾಡಬಲ್ಲೆ" ಎಂದೆ. ಅಷ್ಟರಲ್ಲಿ ಅವರು, "ಪರವಾಗಿಲ್ಲ, ತಿಳಿಸ್ತೀವಿ" ಎಂದು ಲ್ಯಾಪ್‌ಟಾಪ್ ಮುಚ್ಚಿದರು. ಅವನು ಮುಖ ಎತ್ತಲೇ ಇಲ್ಲ.

ಕೆಲಸ ಬೇರೆಯವರಿಗೆ ಹೋಯಿತು. ತಿಳಿಸಲು ಫೋನ್ ಮಾಡಿದವನೂ ಅವನೇ, ಮತ್ತೆ ಅದೇ ಹುನಗುಂದದ ಮಾತಿನಲ್ಲಿ.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾರ. ಮೇಡಂ ಮುಂದ ಹಂಗ ಅನ್ನಬೇಕಾತು. ನನ್ನ ನೌಕರೀನೂ ಉಳೀಬೇಕಲ್ರಿ. ನಾವು ನಾವು ಒಂದ ಕಡಿಯವ್ರು, ತಿಳ್ಕೋರಿ."

ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಆದರೆ ಬೈಯುವುದೂ ನಮ್ಮ ಮಾತಿನಲ್ಲೇ ಆಗಬೇಕಿತ್ತು. ಇವನೊಂದಿಗೆ ಇನ್ನು ಆ ಮಾತೇ ಬೇಡವೆನಿಸಿತು.

"ಕ್ಷಮಿಸಿ, ತಾವು ಹೇಳುತ್ತಿರುವುದು ನನಗೆ ಅರ್ಥವಾಗುತ್ತಿಲ್ಲ" ಎಂದೆ. "ದಯವಿಟ್ಟು ಶಿಷ್ಟವಾಗಿ ಮಾತನಾಡಿ."