ಬಣ್ಣ ಬಿಟ್ಟ ರಾಜಹಂಸಗಳು

ಜೂನ್ ೧೪. ಬೆಳಗಿನಿಂದ ಮೋಡ ಕವಿದಿತ್ತು, ಹನಿಯೊಂದೂ ಬೀಳಲಿಲ್ಲ. ಹತ್ತರ ನಂತರ ಗಾಳಿ ಎದ್ದು ಕೊಳದ ನೀರು ಸುಕ್ಕುಗಟ್ಟಿತು.

ಮೃಗಾಲಯದಲ್ಲಿ ಎಲ್ಲರೂ ಹಂಸಕ್ಕ ಎಂದು ಕರೆಯುವ ಪಾಲಕಿ ಆ ಹೊತ್ತಿಗೆ ಒಂದು ಮರಿಯ ಮುಂದೆ ಮಂಡಿಯೂರಿ ಕುಳಿತಿದ್ದಳು. ರಾಜಹಂಸಗಳ ಚಾಕರಿಯಲ್ಲೇ ಅವಳ ತಲೆ ಅರ್ಧ ನರೆತಿತ್ತು. ಆದರೂ ಆ ಕೊಳದ ದಂಡೆಯಲ್ಲಿ ಮೊಟ್ಟೆಯೊಡೆದು ಹೊರಬಂದ ಮೊದಲ ಮರಿ ಇದೇ. ಹುಟ್ಟಿ ಮೂರು ವಾರ, ಮೈಯೆಲ್ಲ ಬೂದು ತುಪ್ಪಳ. ನಿನ್ನೆ ಸಂಜೆಯಿಂದ ಅದರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಕಾರಣ ಅವಳೇ. ಮರಿಯ ತಾಯಿತಂದೆಗಳೆರಡೂ ಕೆಲವು ವಾರಗಳಿಂದ ಬಿಳಿಚಿಕೊಳ್ಳುತ್ತಿದ್ದವು. ಉಳಿದ ಹಕ್ಕಿಗಳು ಕೆಂಗುಲಾಬಿಯಾಗಿ ನಿಂತಿರುವಾಗ ಇವೆರಡೇ ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಕಾಣುತ್ತಿದ್ದವು. ಹಿಂದೊಮ್ಮೆ ರೋಗ ಹೊಕ್ಕು ಹಿಂಡಿನ ಅರ್ಧದಷ್ಟು ಹಕ್ಕಿಗಳು ಕಣ್ಣೆದುರೇ ಸತ್ತಿದ್ದವು. ಅಂದಿನಿಂದ ಸಣ್ಣ ಅನುಮಾನಕ್ಕೂ ಹಕ್ಕಿಯನ್ನು ಬೇರೆ ಮಾಡುವುದು ಅವಳ ರೂಢಿ. ನಿನ್ನೆ ಎರಡನ್ನೂ ಆಸ್ಪತ್ರೆ ಕಟ್ಟಡದ ಕೋಣೆಗೆ ಸಾಗಿಸಿದ್ದಳು. ಮರಿ ಬೋಗುಣಿಯಲ್ಲಿ ತಿಂದುಕೊಳ್ಳುತ್ತದೆ ಎಂಬುದು ಅವಳ ಲೆಕ್ಕವಾಗಿತ್ತು.

ಮರಿ ತಿನ್ನಲಿಲ್ಲ. ಸೀಗಡಿ ಪುಡಿ ಕದಡಿದ ನೀರಿಗೆ ಕೊಕ್ಕು ಅದ್ದಿತು, ತೆಗೆಯಿತು, ಮತ್ತೆ ಅದ್ದಿತು. ನೀರು ಹೊರಗೆ ಸುರಿಯಿತು, ಅದರೊಂದಿಗೆ ಪುಡಿಯೂ. ಬೇಲಿಯಾಚೆ ದೊಡ್ಡ ಹಕ್ಕಿಗಳು ಕತ್ತು ಬಗ್ಗಿಸಿ, ತಲೆಯನ್ನೇ ತಲೆಕೆಳಗು ಮಾಡಿ ಮೇಯುತ್ತಿದ್ದವು. ಬಾಗಿದ ಕೊಕ್ಕಿನ ಮೇಲ್ಭಾಗ ನೀರಿನಲ್ಲಿ ಕೆಳಗಾಗಿತ್ತು. ದಪ್ಪ ನಾಲಿಗೆ ಪಂಪಿನಂತೆ ಹಿಂದೆಮುಂದೆ ಓಡಾಡಿ ನೀರನ್ನು ಎಳೆದುಕೊಂಡು ಹೊರದೂಡುತ್ತಿತ್ತು. ಕೊಕ್ಕಿನ ಒಳಅಂಚಿನ ಬಾಚಣಿಗೆಯಂಥ ಹಲ್ಲುಗಳಲ್ಲಿ ಪಾಚಿ, ಸೀಗಡಿಯ ಚೂರು ಸಿಕ್ಕಿಕೊಳ್ಳುತ್ತಿದ್ದವು. ಮರಿಯ ಕೊಕ್ಕೋ ಇನ್ನೂ ನೆಟ್ಟಗಿತ್ತು. ಬಾಗಿರದ ಕೊಕ್ಕಿನಿಂದ ಸೋಸುವುದೆಲ್ಲಿಂದ ಬಂತು?

ಆಹಾರದ ಕೋಣೆ ನೋಡಿಕೊಳ್ಳುವವನು ಅವಳ ಸ್ವಂತ ತಮ್ಮ. ಬುಟ್ಟಿ ಹಿಡಿದು ಬಂದ.

"ಏನಕ್ಕಾ, ಇನ್ನೂ ಮೂಸಿ ನೋಡಿಲ್ವಾ?"

"ಕೊಕ್ಕು ಇಡ್ತದೆ ಕಣೋ. ಒಳಗೆ ಏನೂ ನಿಲ್ತಿಲ್ಲ."

"ಅಪ್ಪ ಅಮ್ಮನ್ನ ಒಳಗೆ ಹಾಕಿದ್ದು ನೀನು. ಮನೇಲಿ ಭಾವ ಒಂದ್ಸಲ ಸೀನಿದ್ರೂ ಚಾಪೆ ಪಡಸಾಲೆಗೆ ಎಸೀತೀಯ. ಈಗ ಹಕ್ಕಿಗಳ ಸರದಿ."

"ಬಾಯ್ಮುಚ್ಕೊಂಡು ಬುಟ್ಟಿ ಹಿಡಿ. ಡಾಕ್ಟ್ರಮ್ಮನಿಗೆ ತೋರಿಸೋಣ."

ಮರಿಯನ್ನು ಬುಟ್ಟಿಯಲ್ಲಿಟ್ಟು ಆಸ್ಪತ್ರೆಯ ಮೊಗಸಾಲೆಗೆ ಕಾಲಿಟ್ಟಾಗ ಅದು ಕೀಚಲು ದನಿಯಲ್ಲಿ ಕೂಗಿತು. ಜಾಲರಿಯಾಚೆ ತಾಯಿಹಕ್ಕಿ ದಡಕ್ಕನೆ ತಿರುಗಿತು. ಕತ್ತು ಚಾಚಿ ಜಾಲರಿಗೆ ಒತ್ತಿ ನಿಂತಿತು. ಕೊಕ್ಕಿನ ತುದಿಯಿಂದ ಕೆಂಪು ದ್ರವ ಬಿಳಿ ಟೈಲ್ಸಿನ ಮೇಲೆ ತೊಟ್ಟಿಕ್ಕಿತು.

ಹಂಸಕ್ಕ ಬುಟ್ಟಿಯನ್ನು ಹಿಂದಕ್ಕೆ ತಳ್ಳಿದಳು. "ರಕ್ತ ಕಾರ್ತಿದೆ. ಮರೀನ ದೂರ ಒಯ್ಯೋ, ಬೇಗ."

ತಮ್ಮ ಬಾಗಿಲಾಚೆ ಸರಿದ. ಮರಿಯ ಕೂಗು ಕ್ಷೀಣವಾಯಿತು, ಕೆಂಪು ತೊಟ್ಟಿಕ್ಕುವುದೂ ನಿಂತಿತು. ಹಕ್ಕಿ ಕೆಮ್ಮಲಿಲ್ಲ, ತೂಕಡಿಸಲಿಲ್ಲ, ಬಾಗಿಲನ್ನೇ ನೋಡುತ್ತಿತ್ತು. ಅವಳಿಗೆ ಏನೋ ತಟ್ಟಿತು.

"ಇನ್ನೊಂದ್ಸಲ ಒಳಗೆ ತಾರೋ."

"ಈಗಷ್ಟೇ ಓಡಿಸಿದ್ಯಲ್ಲೇ."

"ತಾ ಅಂದ್ರೆ ತಾ."

ಮರಿ ಕೂಗಿತು. ಈ ಬಾರಿ ತಂದೆಹಕ್ಕಿಯೂ ಕತ್ತು ಬಗ್ಗಿಸಿತು. ಎರಡರ ಕೊಕ್ಕಿನಿಂದಲೂ ಕೆಂಪು ಇಳಿಯಿತು.

ಅಷ್ಟರಲ್ಲಿ ಡಾಕ್ಟರಮ್ಮ ರಕ್ತ ಪರೀಕ್ಷೆಯ ಫಲಿತಾಂಶ ನೋಡಿ ಬಂದರು. "ಎರಡಕ್ಕೂ ರೋಗದ ಸುಳಿವಿಲ್ಲ ಹಂಸಕ್ಕ," ಎನ್ನುತ್ತಿದ್ದವರು ನೆಲ ನೋಡಿ ಮಾತು ನಿಲ್ಲಿಸಿದರು. ಕೈಗವಸು ಹಾಕಿದ ಬೆರಳಿನಿಂದ ಒರೆಸಿ ಉಜ್ಜಿದರು.

"ಮರಿ ಕೂಗಿದ್ರೆ ಮಾತ್ರ ಬರ್ತದೆ ಡಾಕ್ಟ್ರಮ್ಮ," ಎಂದಳು.

"ಜಿಡ್ಡು ಜಿಡ್ಡಾಗಿದೆ. ಇದು ಹಾಲು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಇವತ್ತೇ ನೋಡ್ತಿರೋದು. ಗಂಡು ಹೆಣ್ಣು ಎರಡೂ ಗಂಟಲಲ್ಲೇ ಹಾಲು ಒಸರಿಸ್ತವೆ. ಪಾಚಿ, ಸೀಗಡಿ ತಿಂದು ಬಂದ ಬಣ್ಣ ಮಾಮೂಲಾಗಿ ಗರಿಗೆ ಹೋಗತ್ತೆ. ಈಗ ಹಾಲಿಗೆ ಇಳೀತಿದೆ. ಅದಕ್ಕೇ ಬಿಳಿಚಿವೆ."

"ಅಂದ್ರೆ ನಾನೇ ಮರಿ ಬಾಯಿಂದ ಹಾಲು ಕಿತ್ಕೊಂಡೆ."

"ನಿನ್ನೆ ನಾನೂ ಸರಿ ಅಂದಿದ್ದೆ. ಆ ಮಾತು ಆಮೇಲೆ. ಮೊದಲು ಒಟ್ಟಿಗೆ ಬಿಡಿ. ಬೇರೆ ಮಾಡಿದ ಮೇಲೆ ಕೆಲವು ಹಕ್ಕಿಗಳು ಮರೀನ ಹತ್ತಿರ ಸೇರಿಸಲ್ಲ."

ಒಂದು ಹಕ್ಕಿ ಅವಳ ಕಂಕುಳಲ್ಲಿ, ಇನ್ನೊಂದು ತಮ್ಮನ ಕಂಕುಳಲ್ಲಿ. ಬುಟ್ಟಿ ಡಾಕ್ಟರಮ್ಮನ ಕೈಯಲ್ಲಿ. ದಂಡೆಯ ಕೆಸರಿನಲ್ಲಿ ಮೂರನ್ನೂ ಬಿಟ್ಟು ಬೇಲಿಯ ಹಿಂದೆ ನಿಂತರು. ಹಕ್ಕಿಗಳು ಮರಿಯ ಕಡೆ ನೋಡದೆ ನೇರ ನೀರಿಗಿಳಿದವು. ಮರಿ ತತ್ತರಿಸುತ್ತ ಎರಡು ಹೆಜ್ಜೆ ಇಟ್ಟು ಕುಸಿಯಿತು. ಹಂಸಕ್ಕ ಬೇಲಿಯ ತಂತಿಯನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಮರಿ ಕೂಗಿತು. ಗಾಳಿಯಲ್ಲಿ ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ನೀರಿನಲ್ಲಿದ್ದ ತಾಯಿ ತಲೆಯೆತ್ತಿತು, ನಿಂತಿತು, ದಂಡೆಗೆ ಬಂತು. ಮರಿಯ ಹಿಂದೆ ನಿಂತು ಕತ್ತನ್ನು ಅದರ ಮೇಲಿಂದ ಬಾಗಿಸಿ ಕೊಕ್ಕಿಗೆ ಕೊಕ್ಕು ತಾಗಿಸಿತು. ಕೆಂಪು ಹಾಲು ಇಳಿಯಿತು. ಮರಿ ನುಂಗುವಾಗ ಅದರ ಸಣ್ಣ ಗಂಟಲು ಮೇಲೆ ಕೆಳಗೆ ಆಡುವುದು ಅಷ್ಟು ದೂರಕ್ಕೂ ಕಂಡಿತು.

"ಹಾಲು ಮೊಸರಲ್ಲೇ ಬೆಳೆದವಳು, ಹಾಲು ಗುರುತು ಹಿಡೀಲಿಲ್ಲ ನೋಡು," ಎಂದ ತಮ್ಮ.

ಅವಳು ತಂತಿಯಿಂದ ಕೈ ತೆಗೆದಳು. ಮುಖ ಒರೆಸಿಕೊಂಡು ಬೋಗುಣಿ ತೊಳೆಯಲು ಹೋದಳು.

ಆ ದಿನದ ಖರ್ಚು: ಚೆಲ್ಲಿಹೋದ ಸೀಗಡಿ ಪುಡಿ ಅರ್ಧ ಕಿಲೋ, ಕೈಗವಸು ಒಂದು ಜೊತೆ, ಕೋಣೆ ತೊಳೆಯಲು ಫಿನಾಯಿಲ್ ಒಂದು ಬಾಟಲಿ. ಮೂವರ ಚಹಾದ ದುಡ್ಡನ್ನು ಡಾಕ್ಟರಮ್ಮ ಕೊಟ್ಟರು.